ಸಾಲವೋ ಷೇರೋ? ಮೂರು ಸಿದ್ಧಾಂತ ಬೇರ್ಪಡಿಸುವ ಅಭ್ಯಾಸ ಪರೀಕ್ಷೆ, ಉತ್ತರಗಳ ಜೊತೆ

ಎಂ.ಕಾಂ, ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್, ಬೆಂಗಳೂರು
25 ಅಂಕ, ಒಂದು ಗಂಟೆ. ಕ್ಯಾಲ್ಕುಲೇಟರ್ ಇರಲಿ.

ಬರೆಯುವ ಮೊದಲು ಇದನ್ನು ಓದಿ. ಟ್ರೇಡ್-ಆಫ್, ಪೆಕಿಂಗ್ ಆರ್ಡರ್, ಏಜೆನ್ಸಿ ಕಾಸ್ಟ್, ಈ ಮೂರರಲ್ಲೂ ಕಂಪನಿ ಸಾಲ ಮಾಡಬಹುದು. ಹಾಗಾಗಿ "ಸಾಲ ಮಾಡಿತು, ಆದ್ದರಿಂದ ಟ್ರೇಡ್-ಆಫ್" ಎಂದು ಬರೆದರೆ ಅಂಕ ಇಲ್ಲ. ಯಾಕೆ ಮಾಡಿತು ಅನ್ನೋದನ್ನು ಬರೆಯಿರಿ. ಸಿದ್ಧಾಂತದ ಹೆಸರಿಗೆ 1 ಅಂಕ, ಉಳಿದದ್ದೆಲ್ಲ ಕಾರಣಕ್ಕೆ.

ಪ್ರಶ್ನೆಗಳು

1. ಪೀಣ್ಯದ ಒಂದು ಮೆಷಿನ್ ಶಾಪ್. ತೆರಿಗೆ ದರ, ಸರ್‌ಚಾರ್ಜ್ ಮತ್ತು ಸೆಸ್ ಸೇರಿ, 25.17%. ಅಕೌಂಟ್ಸ್ ಮ್ಯಾನೇಜರ್ ಮಾಲೀಕರಿಗೆ ಹೇಳುತ್ತಾರೆ: "ಸರ್, ಶೇಕಡಾ 10ರಲ್ಲಿ 10 ಕೋಟಿ ಸಾಲ ಮಾಡೋಣ, ತೆರಿಗೆ ಉಳಿಯುತ್ತೆ. 20 ಕೋಟಿ ಮಾತ್ರ ಬೇಡ. ಕಬ್ಬಿಣ ಕೊಡೋರು ಅಡ್ವಾನ್ಸ್ ಕೇಳ್ತಾರೆ, ಒಳ್ಳೆ ಟೂಲ್ ಮೇಕರ್‌ಗಳು ಬೇರೆ ಕಡೆ ಹೋಗ್ತಾರೆ." ಯಾವ ಸಿದ್ಧಾಂತ? ವರ್ಷಕ್ಕೆ ಉಳಿಯುವ ತೆರಿಗೆ ಎಷ್ಟು? (3)

2. ಬೊಮ್ಮಸಂದ್ರದ ಒಂದು ಔಷಧ ಕಂಪನಿ. ಸಾಲ ಇಲ್ಲ, ಕೈಯಲ್ಲಿ ನಗದೂ ಇಲ್ಲ. ಅದರ ಈಗಿನ ಆಸ್ತಿಯ ಬೆಲೆ 150 ಕೋಟಿ ಇರಬಹುದು, 50 ಕೋಟಿಯೂ ಇರಬಹುದು. ಹೊರಗಿನವರಿಗೆ ಎರಡೂ ಸಮ ಸಾಧ್ಯತೆ, ಒಳಗಿನವರಿಗೆ ಮಾತ್ರ ನಿಜ ಗೊತ್ತು. 100 ಕೋಟಿ ಹಾಕಿದರೆ 110 ಕೋಟಿ ಬೆಲೆ ಬಾಳುವ ಹೊಸ ಯೋಜನೆ ಇದೆ. ಮ್ಯಾನೇಜರ್‌ಗಳು ಹಳೆಯ ಷೇರುದಾರರ ಪರ.
(ಅ) ಷೇರು ಮಾರಿಯೇ ಹಣ ತರಬೇಕೆಂದರೆ ಯಾವ ಸ್ಥಿತಿಯ ಕಂಪನಿ ಮಾರುತ್ತೆ, ಯಾವುದು ಸುಮ್ಮನಿರುತ್ತೆ? (5)
(ಆ) ಷೇರು ಮಾರಾಟದ ಸುದ್ದಿ ಬಂದ ದಿನ ಬೆಲೆ ಬಿದ್ದಿತು. ತೆರಿಗೆಯ ಮಾತೆತ್ತದೆ ಕಾರಣ ಹೇಳಿ. (2)

3. (ಅ) ಜಯನಗರದ ದರ್ಶಿನಿ ಕಂಪನಿಯೊಂದರ ಪೂರ್ತಿ ಷೇರು ಮಾಲೀಕರದ್ದೇ ಇತ್ತು. 40% ಹೊರಗಿನವರಿಗೆ ಮಾರಿದರು. ಆಮೇಲೆ ವ್ಯಾಪಾರಕ್ಕೆ ಬೇಡದ 50 ಲಕ್ಷದ ಕಾರನ್ನು ಕಂಪನಿ ಲೆಕ್ಕದಲ್ಲಿ ತೆಗೆದುಕೊಂಡರು. ಕಾರಿನ ಖರ್ಚು ಅವರ ಜೇಬಿಗೆ ಎಷ್ಟು? (2)
(ಆ) ಇನ್ನೊಂದು ಕಂಪನಿಯ ಹತ್ತಿರ 30 ಲಕ್ಷ ಇದೆ, ವರ್ಷದ ಕೊನೆಗೆ 40 ಲಕ್ಷ ಸಾಲ ತೀರಿಸಬೇಕು. ಒಂದು ದಾರಿಯಲ್ಲಿ 30 ಲಕ್ಷ ಖಂಡಿತ 33 ಲಕ್ಷ ಆಗುತ್ತೆ. ಇನ್ನೊಂದರಲ್ಲಿ ಶೇಕಡಾ 20 ಅವಕಾಶದಲ್ಲಿ 100 ಲಕ್ಷ ಬರುತ್ತೆ, ಇಲ್ಲದಿದ್ದರೆ ಸೊನ್ನೆ. ಮಾಲೀಕರು ಯಾವುದನ್ನು ಆರಿಸುತ್ತಾರೆ? ನಷ್ಟ ಯಾರಿಗೆ? (4)

4. ಒಂದೇ ಉದ್ಯಮದ ಎರಡು ಕಂಪನಿ, ಆಸ್ತಿಯೂ ಒಂದೇ ಥರ. ಹೆಚ್ಚು ಲಾಭ ಮಾಡುವ ಕಂಪನಿಯ ಸಾಲದ ಪ್ರಮಾಣವೇ ಕಡಿಮೆ. ಮೂರು ಸಿದ್ಧಾಂತದ ಕಣ್ಣಲ್ಲೂ ಇದನ್ನು ನೋಡಿ. (6)

5. ಸರಿಯೋ ತಪ್ಪೋ, ಒಂದು ವಾಕ್ಯದ ಕಾರಣ ಕೊಡಿ. (3)
(ಅ) ಪೆಕಿಂಗ್ ಆರ್ಡರ್ ಪ್ರಕಾರ ಪ್ರತಿ ಕಂಪನಿಗೂ ಒಂದು ಗುರಿ ಸಾಲದ ಪ್ರಮಾಣ ಇರುತ್ತದೆ.
(ಆ) ಸಾಲದ ಬಡ್ಡಿ ಅಗ್ಗ, ಅದಕ್ಕೇ ಪೆಕಿಂಗ್ ಆರ್ಡರ್‌ನಲ್ಲಿ ಷೇರಿಗಿಂತ ಸಾಲ ಮೊದಲು.
(ಇ) ದಿವಾಳಿಯ ಖರ್ಚು ಅಂದರೆ ವಕೀಲರ ಫೀಸು ಮತ್ತು ಕೋರ್ಟ್ ಖರ್ಚು ಮಾತ್ರ.

ಉತ್ತರಗಳು

1. ಟ್ರೇಡ್-ಆಫ್. ಬಡ್ಡಿ 1 ಕೋಟಿ, ಉಳಿಯುವ ತೆರಿಗೆ ಸುಮಾರು 25.17 ಲಕ್ಷ. ಒಂದು ಕಡೆ ತೆರಿಗೆಯ ಉಳಿತಾಯ, ಇನ್ನೊಂದು ಕಡೆ ಸಾಲ ಜಾಸ್ತಿಯಾದಾಗ ಬರುವ ತೊಂದರೆಯ ಖರ್ಚು. ಎರಡನ್ನೂ ತೂಗಿ ಒಂದು ಹಂತದಲ್ಲಿ ನಿಲ್ಲಿಸುತ್ತಾರೆ. ತೆರಿಗೆ ಇಲ್ಲದ ಲೋಕದಲ್ಲಿ ಸಾಲವೂ ಷೇರೂ ಒಂದೇ ಎಂದು ಮೊದಿಗ್ಲಿಯಾನಿ ಮತ್ತು ಮಿಲ್ಲರ್ 1958ರಲ್ಲಿ ತೋರಿಸಿದರು. 1963ರಲ್ಲಿ ತೆರಿಗೆಯನ್ನು ಸರಿಯಾಗಿ ಸೇರಿಸಿದರು. ಆ ಲೆಕ್ಕಕ್ಕೆ ಸಾಲದ ತೊಂದರೆಯನ್ನೂ ಸೇರಿಸಿದಾಗ ಸಿಕ್ಕಿದ್ದು ಈ ತಕ್ಕಡಿ.

2. ಇಲ್ಲಿ ಹೆಚ್ಚಿನವರು ಎಡವುತ್ತಾರೆ, ನಿಧಾನವಾಗಿ ಹೋಗೋಣ.

ಎರಡೂ ಸ್ಥಿತಿಯ ಕಂಪನಿಗಳು ಷೇರು ಮಾರುತ್ತವೆ ಎಂದು ಮಾರುಕಟ್ಟೆ ನಂಬಿದೆ ಅಂದುಕೊಳ್ಳಿ. ಆಗ ಹಳೆಯ ಷೇರಿನ ಬೆಲೆ, 150 ಮತ್ತು 50ರ ಸರಾಸರಿಯಾದ 100ಕ್ಕೆ ಯೋಜನೆಯ ಲಾಭ 10 ಸೇರಿಸಿ, 100 + 10 = 110. ಹೊಸಬರು 100 ಹಾಕಿ 100/210 ಪಾಲು ಪಡೆಯುತ್ತಾರೆ, ಹಳಬರಿಗೆ 110/210.

ಆಸ್ತಿ ನಿಜವಾಗಿ 150 ಆಗಿದ್ದರೆ ಒಟ್ಟು ಬೆಲೆ 150 + 110 = 260. ಹಳಬರ ಪಾಲು ಸುಮಾರು 136. ಸುಮ್ಮನೆ ಕೂತಿದ್ದರೆ 150 ಇರುತ್ತಿತ್ತು! ಹಾಗಾಗಿ ಒಳ್ಳೆಯ ಕಂಪನಿ 10 ಕೋಟಿ ಲಾಭದ ಯೋಜನೆಯನ್ನೇ ಕೈಬಿಡುತ್ತೆ. ಆಸ್ತಿ 50 ಆಗಿದ್ದರೆ ಒಟ್ಟು 160, ಹಳಬರಿಗೆ ಸುಮಾರು 84. ಈ ಕಂಪನಿ ಖುಷಿಯಾಗಿ ಮಾರುತ್ತೆ.

ಮಾರುಕಟ್ಟೆಗೂ ಈ ಲೆಕ್ಕ ಬರುತ್ತೆ, ಅಲ್ವಾ? ಆದ್ದರಿಂದ ಷೇರು ಮಾರಾಟದ ಸುದ್ದಿ ಕೇಳಿದ ಕೂಡಲೇ "ಇದು 50ರ ಕಂಪನಿ" ಎಂದು ತಿಳಿದುಕೊಂಡು ಬೆಲೆಯನ್ನು 60ಕ್ಕೆ ಇಳಿಸುತ್ತದೆ. ಆಗಲೂ 50ರ ಕಂಪನಿಗೆ ಮಾರುವುದೇ ಲಾಭ, 150ರ ಕಂಪನಿಗೆ ಮಾರದಿರುವುದೇ ಲಾಭ. ಸುದ್ದಿಗೆ ಮೊದಲಿನ ಬೆಲೆ 150 ಮತ್ತು 60ರ ಸರಾಸರಿ, ಅಂದರೆ 105. ಸುದ್ದಿ ಬಂದ ಕೂಡಲೇ ಅದು 60ಕ್ಕೆ ಬೀಳುತ್ತೆ, ಇದೇ (ಆ) ಭಾಗದ ಉತ್ತರ.

ಕೈಯಲ್ಲಿ ನಗದಿದ್ದರೆ, ಅಥವಾ ಅಪಾಯವಿಲ್ಲದ ಸಾಲ ಸಿಕ್ಕರೆ, ಈ ತಲೆನೋವೇ ಇಲ್ಲ. ಅದಕ್ಕೇ ಸ್ವಂತ ಹಣ ಮೊದಲು, ಆಮೇಲೆ ಸಾಲ, ಷೇರು ಕೊನೆಗೆ. ಇದೇ ಪೆಕಿಂಗ್ ಆರ್ಡರ್, ಮೈಯರ್ಸ್ ಮತ್ತು ಮಜ್ಲೂಫ್ 1984ರಲ್ಲಿ ಹೇಳಿದ ವಾದ. ಉತ್ತರದಲ್ಲಿ "ಹೊರಗಿನವರಿಗೆ ಗೊತ್ತಿಲ್ಲ" ಅನ್ನೋ ಮಾತು ಬರಲೇಬೇಕು. ಬರೀ ಕ್ರಮವನ್ನು ಬಾಯಿಪಾಠ ಒಪ್ಪಿಸಿದರೆ 1 ಅಂಕ.

3. ಎರಡೂ ಏಜೆನ್ಸಿ ಕಾಸ್ಟ್, ಆದರೆ ಜಗಳ ಬೇರೆ ಬೇರೆ.

(ಅ) 30 ಲಕ್ಷ. ಉಳಿದ 20 ಲಕ್ಷ ಹೊರಗಿನವರ ಮೇಲೆ, ಕಾರಿನ ಸುಖ ಪೂರ್ತಿ ಇವರಿಗೆ. ಜೆನ್ಸನ್ ಮತ್ತು ಮೆಕ್ಲಿಂಗ್ 1976ರಲ್ಲಿ ಒಂದು ಮಾತು ಸೇರಿಸಿದರು: ಹೊರಗಿನವರು ಇದನ್ನು ಮೊದಲೇ ಊಹಿಸಿ ಷೇರಿಗೆ ಕಡಿಮೆ ಬೆಲೆ ಕೊಡುತ್ತಾರೆ. ಕೊನೆಗೆ ಪೆಟ್ಟು ಮಾಲೀಕರಿಗೇ.

(ಆ) ಖಚಿತ ದಾರಿಯಲ್ಲಿ ಮಾಲೀಕರಿಗೆ ಸೊನ್ನೆ, ಬ್ಯಾಂಕಿಗೆ 33. ಜೂಜಿನ ದಾರಿಯಲ್ಲಿ ಮಾಲೀಕರಿಗೆ ಸರಾಸರಿ 0.2 × 60 = 12, ಬ್ಯಾಂಕಿಗೆ 0.2 × 40 = 8. ಮಾಲೀಕರು ಜೂಜಾಡುತ್ತಾರೆ. ಬ್ಯಾಂಕಿಗೆ 25 ನಷ್ಟ, ಮಾಲೀಕರಿಗೆ 12 ಲಾಭ, ಉಳಿದ 13 ಲಕ್ಷ ಯಾರಿಗೂ ಸಿಗದೆ ಹಾಳು. ಏಜೆನ್ಸಿ ಕಾಸ್ಟ್ ಅಂದರೆ ಮುಖ್ಯವಾಗಿ ಆ 13. ಕೈ ಬದಲಾದ 12 ಅಲ್ಲ. ಬ್ಯಾಂಕು ಸಾಲದ ಪತ್ರದಲ್ಲಿ ಅಷ್ಟೊಂದು ಷರತ್ತು ಹಾಕೋದು ಇದಕ್ಕೇ.

"ದಿವಾಳಿ ಹತ್ತಿರ ಇದೆ, ಹಾಗಾಗಿ ಟ್ರೇಡ್-ಆಫ್" ಎಂದು ಬರೆಯುವವರು ಇರುತ್ತಾರೆ. ಪೂರ್ತಿ ತಪ್ಪಲ್ಲ. ಎಷ್ಟೋ ಪುಸ್ತಕಗಳು ಈ ಖರ್ಚನ್ನು ಟ್ರೇಡ್-ಆಫ್ ತಕ್ಕಡಿಯ ಒಂದು ಬದಿಗೆ ಹಾಕುತ್ತವೆ. ಆ ಸಂಬಂಧವನ್ನು ವಿವರಿಸಿದರೆ ಅಂಕ ಕೊಡುತ್ತೇನೆ. ತೆರಿಗೆಯೇ ಇಲ್ಲದಿದ್ದರೂ ಈ ಜಗಳ ಇರುತ್ತಿತ್ತು ಎಂದು ಬರೆದರೆ ಪೂರ್ತಿ ಅಂಕ.

4. ಸರಳ ಟ್ರೇಡ್-ಆಫ್‌ಗೆ ಇದು ಇರಿಸುಮುರಿಸು. ಲಾಭ ಜಾಸ್ತಿ ಇದ್ದರೆ ತೆರಿಗೆ ಜಾಸ್ತಿ, ದಿವಾಳಿ ಭಯ ಕಡಿಮೆ. ಆ ಕಂಪನಿ ಇನ್ನೂ ಸಾಲ ಮಾಡಬೇಕಿತ್ತು. ಪೆಕಿಂಗ್ ಆರ್ಡರ್‌ಗೆ ಸಹಜ: ಲಾಭದ ಹಣ ಇರುವಾಗ ಸಾಲ ಯಾಕೆ? ಏಜೆನ್ಸಿ ಕಡೆಯಿಂದ, ಜೆನ್ಸನ್ 1986ರಲ್ಲಿ ಹೇಳಿದಂತೆ, ಹೆಚ್ಚುವರಿ ನಗದು ಇರುವ ಕಂಪನಿಗೆ ಸಾಲ ಇದ್ದರೆ ಮ್ಯಾನೇಜರ್‌ಗಳ ಕೈ ಕಟ್ಟುತ್ತದೆ. ಆದರೆ ತಮ್ಮ ಕೈಯನ್ನು ತಾವೇ ಕಟ್ಟಿಕೊಳ್ಳೋರು ಯಾರು? ಷೇರುದಾರರ ಒತ್ತಡ ಇಲ್ಲದಿದ್ದರೆ ಸಾಲ ಕಡಿಮೆಯೇ ಇರುತ್ತೆ.

ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಕಂಪನಿಯನ್ನು ಉದಾಹರಣೆ ಕೊಡಬೇಡಿ. ಅದರ ಆಸ್ತಿ ಸಂಜೆ ಕ್ಯಾಬ್ ಹತ್ತಿ ಮನೆಗೆ ಹೋಗುತ್ತೆ, ಅಡ ಇಡೋಕೆ ಏನಿಲ್ಲ. ಸಾಲ ಕಡಿಮೆ ಅನ್ನೋದಕ್ಕೆ ಟ್ರೇಡ್-ಆಫ್‌ನಲ್ಲೂ ಉತ್ತರ ಸಿಕ್ಕಿಬಿಡುತ್ತೆ. "ಒಂದೇ ಉದ್ಯಮ, ಒಂದೇ ಥರದ ಆಸ್ತಿ" ಎಂದು ಪ್ರಶ್ನೆಯಲ್ಲಿ ಹಾಕಿದ್ದು ಆ ಬಾಗಿಲು ಮುಚ್ಚೋಕೆ.

5. ಮೂರೂ ತಪ್ಪು. (ಅ) ಗುರಿ ಇರುವುದು ಟ್ರೇಡ್-ಆಫ್‌ನಲ್ಲಿ; ಪೆಕಿಂಗ್ ಆರ್ಡರ್‌ನಲ್ಲಿ ಸಾಲದ ಪ್ರಮಾಣ ಅನ್ನೋದು ಹಿಂದೆ ಎಷ್ಟು ಹಣ ಕೊರತೆ ಬಿತ್ತು ಅನ್ನೋದರ ಲೆಕ್ಕ ಅಷ್ಟೇ. (ಆ) ಕಾರಣ ಬಡ್ಡಿ ದರ ಅಲ್ಲ; ಒಳಗಿನ ಸುದ್ದಿ ಏನೇ ಇದ್ದರೂ ಸಾಲದ ಬೆಲೆ ಷೇರಿನಷ್ಟು ಏರುಪೇರಾಗುವುದಿಲ್ಲ. (ಇ) ಗಿರಾಕಿ, ಸಪ್ಲೈಯರ್, ಕೆಲಸಗಾರರು ಮೊದಲೇ ದೂರ ಸರಿಯುವ ನಷ್ಟವೂ ಸೇರುತ್ತದೆ. 1ನೇ ಪ್ರಶ್ನೆಯ ಟೂಲ್ ಮೇಕರ್‌ಗಳನ್ನು ನೆನಪಿಸಿಕೊಳ್ಳಿ.