ಇಸ್ತ್ರಿ ಪೆಟ್ಟಿಗೆ

ಮಂಜ ಕತ್ರಿಗುಪ್ಪೆಯಲ್ಲಿ ಇಡ್ಲಿ ಆರ್ಡರ್ ಎತ್ಕೊಂಡಾಗ ಬರೀ ತುಂತುರು ಇತ್ತು. ಇಟ್ಟಮಡು ದಾಟೋ ಹೊತ್ತಿಗೆ ಯಾರೋ ಮೇಲಿಂದ ಬಕೆಟ್ ಬಗ್ಗಿಸ್ದಂಗೆ ಹೊಡೀತು. ಹೊಸಕೆರೆಹಳ್ಳಿ ಕಡೆ ತಗ್ಗು ಜಾಗ, ಅಲ್ಲಿ ರಾಜಕಾಲುವೆ ಯಾವುದು ರೋಡ್ ಯಾವುದು ಅಂತ ಮಳೆ ಬಂದಾಗ ಗೊತ್ತಾಗಲ್ಲ, ಮಂಜನಿಗೂ ಅದು ಗೊತ್ತು, ಆದ್ರೆ ಮ್ಯಾಪು ಆ ದಾರಿನೇ ತೋರಿಸ್ತಿತ್ತು ಟೈಮೂ ಓಡ್ತಿತ್ತು, ಸರಿ ನುಗ್ಗಿಸ್ದ. ಫುಟ್‌ಬೋರ್ಡ್ ತನಕ ನೀರು. ಮಧ್ಯದಲ್ಲಿ ಸ್ಕೂಟರ್ ಎರಡು ಸಲ ಕೆಮ್ಮಿ ಆಫ್ ಆಯ್ತು.

ತಳ್ಕೊಂಡು ಆಚೆ ಬಂದ. ಸೆಲ್ಫ್ ಒತ್ತಿದ್ರೆ ಟಿಕ್ ಟಿಕ್ ಅಷ್ಟೇ. ಕಿಕ್ಕರ್ ಹೊಡೆದೂ ಹೊಡೆದೂ ಕಾಲು ಬಿದ್ದೋಯ್ತು. ಅಷ್ಟರಲ್ಲಿ ಕಸ್ಟಮರ್ ಫೋನು, "ಏನ್ರೀ ಮ್ಯಾಪಲ್ಲಿ ನಿಂತಲ್ಲೇ ನಿಂತಿದೀರಾ?"

"ಗಾಡಿ ಆಫಾಗಿದೆ ಸರ್, ನೀರು ಹೋಗಿದೆ, ಐದು ನಿಮಿಷ."

ಈ ಐದು ನಿಮಿಷ ಅನ್ನೋದನ್ನ ಬೆಂಗಳೂರಲ್ಲಿ ಹೇಳೋರೂ ನಂಬಲ್ಲ ಕೇಳೋರೂ ನಂಬಲ್ಲ ಬಿಡಿ.

ಕರೆಂಟ್ ಬೇರೆ ಹೋಗಿತ್ತು, ಅಂಗಡಿಗಳೆಲ್ಲ ಕತ್ಲು. ಮೂಲೇಲಿ ಒಂದು ತಗಡಿನ ಶೀಟ್ ಕೆಳಗೆ ಮಾತ್ರ ಕೆಂಪಗೆ ಏನೋ ಕಾಣಿಸ್ತು. ಇಸ್ತ್ರಿ ಅಂಗಡಿ. ಐವತ್ತು ದಾಟಿದ ಹೆಂಗಸು, ಮೊಬೈಲ್ ಟಾರ್ಚು ಡಬ್ಬಕ್ಕೆ ಒರಗಿಸಿಟ್ಕೊಂಡು ಇದ್ದಿಲು ಪೆಟ್ಟಿಗೇಲಿ ಬಟ್ಟೆ ಉಜ್ಜುತಾ ಇದ್ರು.

"ಒಳಗಡೆ ಬಾರಪ್ಪ, ಅಲ್ಲೇ ನೆನೀತೀಯಲ್ಲ. ಗಾಡಿನೂ ತಗೊಂಬಾ."

ಮಂಜ ಬ್ಯಾಗ್ ಇಳಿಸಿ ಮೊದ್ಲು ಇಡ್ಲಿ ಪೊಟ್ಣ ಮುಟ್ಟಿ ನೋಡ್ದ, ಇನ್ನೂ ಬೆಚ್ಚಗಿತ್ತು. ಆಮೇಲೆ ಸೈಲೆನ್ಸರ್ ಕೆಳಗಾಗೋ ಹಂಗೆ ಗಾಡೀನ ಹಿಂದಕ್ಕೆ ಎತ್ತಿ ನೀರು ಇಳಿಸ್ದ. ಡಿಕ್ಕಿಯಿಂದ ಸ್ಪ್ಯಾನರ್ ತೆಗೆದು ಕವರ್ ಬಿಚ್ಚಿ ಪ್ಲಗ್ ಹೊರಗೆ ತೆಗೆದ್ರೆ ತೊಪ್ಪೆ, ತುದೀಲಿ ಕರೀ ಮಸಿ. ಒರೆಸೋಣ ಅಂದ್ರೆ ಮೈಮೇಲೆ ಒಣಗಿರೋ ಬಟ್ಟೆ ಒಂದಿಂಚೂ ಇಲ್ಲ.

"ಕೊಡಿಲ್ಲಿ" ಅಂದ್ರು ಅಕ್ಕ.

"ಅಕ್ಕ, ಅದು ಪ್ಲಗ್ಗು..."

"ಪ್ಲಗ್ಗು ಗೊತ್ತಿಲ್ವಾ ನಂಗೆ? ನಮ್ಮನೆಯವ್ರ ಹತ್ರ ಹಳೇ ಮೊಪೆಡ್ ಇತ್ತು, ಮಳೆ ಬಂದ್ರೆ ದಿನಾ ಇದೇ ಕೆಲ್ಸ."

ಚಿಂದಿ ಬಟ್ಟೇಲಿ ಒರೆಸಿ, ಉಪ್ಪುಕಾಗದದ ತುಂಡಲ್ಲಿ ತುದಿ ಉಜ್ಜಿದ್ರು. ಆಮೇಲೆ ಪೆಟ್ಟಿಗೆ ಮುಚ್ಚಳ ತೆಗೆದು, ಚಿಮ್ಟದಲ್ಲಿ ಹಿಡ್ಕೊಂಡು ಕೆಂಡದ ಅಂಚಿಗೆ ಇಟ್ಟು, ದೋಸೆ ತಿರುವೋ ಥರ ಆ ಕಡೆ ಈ ಕಡೆ ತಿರುಗಿಸಿದ್ರು. ಚುಂಯ್ ಅಂತ ಸಣ್ಣ ಶಬ್ದ, ಪೆಟ್ರೋಲ್ ವಾಸ್ನೆ, ಒಂಚೂರು ಹೊಗೆ. ಮಂಜ ಒಂದು ಹೆಜ್ಜೆ ಹಿಂದೆ ಸರಿದ. ಅಕ್ಕ ಸರೀಲಿಲ್ಲ.

"ತಗೋ, ಬಟ್ಟೇಲಿ ಹಿಡ್ಕೊ, ಸುಡುತ್ತೆ. ಕ್ಯಾಪ್ ಒಳಗೂ ಒರೆಸು, ಅಲ್ಲೇ ನೀರು ಕೂತಿರೋದು."

ಟೈಟ್ ಮಾಡಿ ಕ್ಯಾಪ್ ಹಾಕಿ ಕಿಕ್ ಹೊಡೆದ. ಮೊದಲನೇದಕ್ಕೆ ಏನೂ ಇಲ್ಲ, ಎರಡನೇದಕ್ಕೆ ಗೊರ್ ಅಂದು ನಿಂತೋಯ್ತು, ಮೂರನೇದಕ್ಕೆ ಹಿಡ್ಕೊಂಡು ಸೈಲೆನ್ಸರಿಂದ ಬಿಳೀ ಹೊಗೆ ಬುಸ್ಸಂತ ಬಂತು. ಆಕ್ಸಿಲರೇಟರ್ ಬಿಡ್ಲೇ ಇಲ್ಲ ಅವ್ನು, ಹಂಗೇ ಹಿಡ್ಕೊಂಡೇ ಇನ್ನೊಂದು ಕೈಲಿ ಜೇಬು ತಡಕಿ ಒದ್ದೆ ಐವತ್ತು ರೂಪಾಯಿ ನೋಟು ತೆಗ್ದ.

"ಅದನ್ನ ಬೇಕಾದ್ರೆ ಕೊಡು, ಇಸ್ತ್ರಿ ಮಾಡಿ ಕೊಡ್ತೀನಿ" ಅಂತ ನಕ್ರು ಅಕ್ಕ. "ಕೆಂಡ ಹೆಂಗಿದ್ರೂ ಉರೀತಿತ್ತು. ದುಡ್ಡು ಒಳಗಿಟ್ಕೋ. ಯಾವ ಕಡೆ ಹೋಗ್ಬೇಕು ನೀನು?"

ಅಪಾರ್ಟ್‌ಮೆಂಟ್ ಹೆಸ್ರು ಹೇಳ್ದ. ಅಕ್ಕನ ಕಣ್ಣು ಅರಳ್ತು.

"ಅಯ್ಯೋ, ಅಲ್ಲಿಗೇ ಒಂದು ಗಂಟು ಕೊಡ್ಬೇಕಿತ್ತು ಕಣಪ್ಪ, ಮುನ್ನೂರ ಎರಡು. ಸಂಜೆಯಿಂದ ಮಳೆ ನಿಲ್ಲುತ್ತೆ ಅಂತ ಕಾಯ್ತಾ ಇದೀನಿ. ನನ್ ಮಂಡಿ ನೋವಿಗೆ ಈ ನೀರಲ್ಲಿ ಹೋಗಕ್ಕಾಗಲ್ಲ. ದುಡ್ಡು ಇಸ್ಕೋಬೇಡ, ತಿಂಗ್ಳ ಲೆಕ್ಕ."

ಹಳೇ ಬೆಡ್‌ಶೀಟಲ್ಲಿ ಕಟ್ಟಿದ ಗಂಟಿಗೆ ಪ್ಲಾಸ್ಟಿಕ್ ಸುತ್ತಿ ಕೊಟ್ರು. ಬ್ಯಾಗಲ್ಲಿ ಕೆಳಗೆ ಬಟ್ಟೆ, ಮೇಲೆ ಇಡ್ಲಿ. ದಾರೀಲಿ ಹಂಪ್ ಬಂದಾಗೆಲ್ಲ ಮಂಜನಿಗೆ ಸಾಂಬಾರಿಂದೇ ಚಿಂತೆ, ಚೆಲ್ಲಿದ್ರೆ ಕಸ್ಟಮರ್ ಬಯ್ತಾನೆ ಅಂತಲ್ಲ, ಯಾರ್ದೋ ಬಿಳೀ ಶರ್ಟ್ ಏನಾಗುತ್ತೋ ಅಂತ.

ಆರ್ಡರ್ ಮಾಡಿದ್ದು ಒಂದನೇ ಫ್ಲೋರು. ಬೈಯೋಕೆ ರೆಡಿಯಾಗಿ ಬಾಗಿಲು ತೆಗೆದ ಹುಡುಗ, ನೀರು ಇಳೀತಿರೋ ಇವನ್ನ ನೋಡಿ "ಥ್ಯಾಂಕ್ಸ್ ಬ್ರೋ" ಅಂದು ಕವರ್ ತಗೊಂಡ. ರೇಟಿಂಗ್ ಎಷ್ಟು ಕೊಟ್ನೋ ದೇವರಿಗೇ ಗೊತ್ತು.

ಮುನ್ನೂರ ಎರಡರಲ್ಲಿ ಒಬ್ರು ಮೇಡಂ ಗಂಟು ಬಿಚ್ಚಿ ಬಾಗಿಲಲ್ಲೇ ಎಣಿಸಿದ್ರು. ಹದಿನಾಲ್ಕು. ಸರಿಯಾಗಿತ್ತು.

"ಅಮ್ಮ ಬರ್ಲಿಲ್ವಾ? ನೀವು ಅವ್ರ ಮಗನಾ?"

"ಇಲ್ಲ ಮೇಡಂ, ನಾನು ಇಡ್ಲಿ ತಂದಿದ್ದು."

ಅವ್ರಿಗೆ ಏನೂ ಅರ್ಥ ಆಗ್ಲಿಲ್ಲ, ಕೇಳೋಕೆ ಟೈಮೂ ಇರ್ಲಿಲ್ಲ ಅನ್ಸುತ್ತೆ. ಒಳಗೆ ಹೋಗಿ ಒಂದು ಯೂನಿಫಾರ್ಮ್ ಪ್ಯಾಂಟ್ ತಂದು ಕೈಗೆ ಕೊಟ್ರು. "ಹೆಂಗೂ ವಾಪಸ್ ಆ ಕಡೆನೇ ಅಲ್ವಾ ಹೋಗೋದು, ಇದೊಂದು ಕೊಟ್ಬಿಡಿ, ಬೆಳಿಗ್ಗೆ ಏಳಕ್ಕೆ ಬೇಕು ಅಂತ ಹೇಳಿ."

ಮಂಜ ಪ್ಯಾಂಟ್ ಮಡಿಸಿ ಬ್ಯಾಗಿಗೆ ಹಾಕ್ದ. "ಏಳಕ್ಕೆ ತಂದ್ಕೊಡೋದು ಯಾರು ಮೇಡಂ?" ಅಂತ ಕೇಳೋಷ್ಟರಲ್ಲಿ ಬಾಗಿಲು ಮುಚ್ಚಿತ್ತು.