‘1819 ಅಡಿ’ ಕಾದಂಬರಿಯ ಪುನಾರಚನೆ: ಲೇಖಕರಿಗೆ ಸಂಪಾದಕರ ಪತ್ರ

ಬೆಂಗಳೂರು
17 ನವೆಂಬರ್ 2025

ಪ್ರಿಯ ಮೇಷ್ಟ್ರಿಗೆ ನಮಸ್ಕಾರಗಳು.

‘1819 ಅಡಿ’ಯನ್ನು ಕೊನೆಯ ಪುಟದವರೆಗೂ ಓದಿ ಮುಗಿಸಿದ್ದೇನೆ. ನೀವು ಕಾಯುತ್ತಿರುವ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಈ ಕಾದಂಬರಿಯನ್ನು ನಾವು ಪ್ರಕಟಿಸುತ್ತೇವೆ. ಆದರೆ ಈಗಿರುವ ಕಟ್ಟಡದಲ್ಲಿ ಅಲ್ಲ. ವಾಕ್ಯ ತಿದ್ದುವುದರಿಂದ, ಅಲ್ಲಲ್ಲಿ ಪುಟ ಕತ್ತರಿಸುವುದರಿಂದ ಆಗುವ ಕೆಲಸ ಇದಲ್ಲ. ಮೂರು ಭಾಗಗಳನ್ನು ಬಿಚ್ಚಿ ಮತ್ತೆ ಜೋಡಿಸಬೇಕಾಗಿದೆ. ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ ಅರ್ಧ ನಿಮಗೆ ತಲುಪುವುದಿಲ್ಲ, ಉಳಿದರ್ಧ ಬೇಸರ ತರಿಸುತ್ತದೆ ಎಂದು ಪತ್ರ ಬರೆಯುತ್ತಿದ್ದೇನೆ.

ಈಗ ಕಾದಂಬರಿ ಇಸವಿಗಳ ಸಾಲು ಹಿಡಿದು ನಡೆಯುತ್ತದೆ. ‘ಗೇಣಿ’ ಭಾಗದಲ್ಲಿ 1951ರ ಕಾಗೋಡು ಸತ್ಯಾಗ್ರಹ, ಆ ಭಾಗದ ಕಥಾನಾಯಕ ಚೌಡಪ್ಪ. ‘ಮುಳುಗಡೆ’ಯಲ್ಲಿ ಲಿಂಗನಮಕ್ಕಿ ಅಣೆಕಟ್ಟು ಏಳುವ ವರ್ಷಗಳು, ಅಲ್ಲಿ ಮಗ ಕೆರಿಯಪ್ಪ. ‘ಸೇತುವೆ’ಯಲ್ಲಿ ಮೊಮ್ಮಗಳು ಸುಷ್ಮಾ, ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ಈ ವರ್ಷದ ಜುಲೈ. ಮೂರು ತಲೆಮಾರು, ಮೂರು ನಾಯಕರು, 412 ಪುಟ. ಹೀಗಾಗಿ ಓದುಗ ಒಂದೇ ಕಾದಂಬರಿಯನ್ನು ಮೂರು ಸಲ ಹೊಸದಾಗಿ ಶುರುಮಾಡಬೇಕಾಗುತ್ತದೆ. 140ನೇ ಪುಟದಲ್ಲಿ ಚೌಡಪ್ಪನನ್ನು ಕೈಬಿಟ್ಟು ಕೆರಿಯಪ್ಪನ ಪರಿಚಯ ಮಾಡಿಕೊಳ್ಳುವಾಗ ನಾನು ಪುಸ್ತಕ ಮುಚ್ಚಿಟ್ಟು ಎದ್ದೆ. ಸುಷ್ಮಾ ಬಂದಾಗಲೂ ಹಾಗೆಯೇ ಆಯಿತು. ಕೆಲಸದ ಮೇಲೆ ಓದುವ ನನಗೇ ಹೀಗಾದರೆ, ದುಡ್ಡು ಕೊಟ್ಟು ಕೊಂಡವರು ಮತ್ತೆ ತೆರೆಯುತ್ತಾರೆ ಎಂಬ ಭರವಸೆ ನನಗಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಿಮ್ಮ ಕಥೆಯ ಬೆನ್ನುಮೂಳೆ 371ನೇ ಪುಟದಲ್ಲಿ, ಸುಷ್ಮಾ ತನ್ನ ಸಹೋದ್ಯೋಗಿಗೆ ಹೇಳುವ ಮಾತಿನಲ್ಲಿ ಹೂತುಹೋಗಿದೆ. ಉಳುವವನೇ ಹೊಲದೊಡೆಯ ಎಂದು ಜೈಲಿಗೆ ಹೋದವರ ಮನೆಯ ಭೂಮಿ 1964ರಲ್ಲಿ ನೀರಿನಡಿ ಹೋಯಿತು. ಗೇಣಿದಾರನಿಗೆ ಭೂಮಿಯ ಹಕ್ಕು ಕೊಟ್ಟ ತಿದ್ದುಪಡಿ ಕಾಯ್ದೆ ಜಾರಿಗೆ ಬಂದದ್ದು 1974ರ ಮಾರ್ಚಿನಲ್ಲಿ. 7ನೇ ನಮೂನೆಯ ಅರ್ಜಿ ಹಿಡಿದು ಊರಿನವರೆಲ್ಲ ಭೂ ನ್ಯಾಯಮಂಡಳಿಗೆ ಓಡಾಡುವ ಹೊತ್ತಿಗೆ ಚೌಡಪ್ಪನ ಮನೆಯವರಿಗೆ ಅರ್ಜಿಯಲ್ಲಿ ಬರೆಯಲು ಸರ್ವೆ ನಂಬರೇ ಉಳಿದಿರಲಿಲ್ಲ. ಕಾದಂಬರಿ ನಿಂತಿರುವುದು ಈ ಹತ್ತು ವರ್ಷದ ಅಂತರದ ಮೇಲೆ. ಅದನ್ನು ಓದುಗ ತಾನಾಗಿ ಕಂಡುಕೊಳ್ಳಬೇಕು. ಬೆಂಗಳೂರಿನ ಕಚೇರಿಯೊಂದರ ಕ್ಯಾಂಟೀನಿನಲ್ಲಿ ಕುಳಿತ ಹುಡುಗಿ ಅದನ್ನು ವಿವರಿಸಿಬಿಟ್ಟರೆ ಅಷ್ಟು ಪುಟಗಳ ದುಡಿಮೆ ಒಂದು ಪ್ರಬಂಧಕ್ಕೆ ಪೀಠಿಕೆಯಾಗಿಬಿಡುತ್ತದೆ.

ಹಾಗಾದರೆ ಏನು ಮಾಡಬೇಕು? ಉತ್ತರ ನಿಮ್ಮ ಹಸ್ತಪ್ರತಿಯಲ್ಲೇ, 163ರಿಂದ 171ರವರೆಗಿನ ಪುಟಗಳಲ್ಲಿ ಇದೆ. ಪರಿಹಾರದ ಪಟ್ಟಿ ಬರೆಯಲು ಶಾನುಭೋಗರೂ ಸರ್ವೆಯವರೂ ಮನೆಗೆ ಬರುವ ಪ್ರಸಂಗ. ಬಾವಿಯ ಆಳ ಎಷ್ಟೆಂದು ಅವರು ಕೇಳುತ್ತಾರೆ. ಗಂಡಸರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ದಿನಾ ನೀರು ಸೇದುವ, ಕೆರಿಯಪ್ಪನ ಹೆಂಡತಿ ಹೂವಮ್ಮ ಹಗ್ಗ ಇಳಿಬಿಟ್ಟು, ಮೇಲೆಳೆದು, ಒದ್ದೆ ಹಗ್ಗವನ್ನು ಎರಡೂ ಕೈ ಚಾಚಿ ಅಳೆಯುತ್ತಾಳೆ. ಐದು ಮಾರು. ಶಾನುಭೋಗರು ಬರೆದುಕೊಳ್ಳುತ್ತಾರೆ. ಯಾರ ಹೆಸರಿಗೆ ಬರೆದಿರಿ ಎಂದು ಅವಳು ಕೇಳಿದಾಗ ಅವರು ತಲೆ ಎತ್ತದೆ ಒಡೆಯರ ಹೆಸರು ಹೇಳುತ್ತಾರೆ. ಬಾವಿ ತೋಡಿದ್ದು ಇವಳ ಮಾವ. ಪಹಣಿಯಲ್ಲಿರುವುದು ಬೇರೆಯವರ ಹೆಸರು. ಅವಳು ವಾದಿಸುವುದಿಲ್ಲ, ಹಗ್ಗ ಸುತ್ತಿಕೊಂಡು ಒಳಗೆ ಹೋಗುತ್ತಾಳೆ. ಆ ಒಂಬತ್ತು ಪುಟಗಳಲ್ಲಿ ಒಂದು ಅಕ್ಷರವನ್ನೂ ಮುಟ್ಟಬೇಡಿ. ನಾನೂ ಮುಟ್ಟುವುದಿಲ್ಲ.

ಈ ಪಟ್ಟಿಯಿಂದಲೇ ಕಾದಂಬರಿ ಶುರುವಾಗಲಿ, ಪಟ್ಟಿಯ ಕ್ರಮವೇ ಅದರ ಕ್ರಮವಾಗಲಿ ಎಂಬುದು ನನ್ನ ಕೋರಿಕೆ. ಗದ್ದೆ, ಬಾವಿ, ಮನೆ, ಕೊಟ್ಟಿಗೆ, ಮರಗಳು. ಆಮೇಲೆ ಪಟ್ಟಿಗೆ ಸೇರದೆ ಉಳಿದ ಚೌಡಿಯ ಬನ. ಒಂದೊಂದು ಬಾಬ್ತು ಬರೆಸುವಾಗ ಅದರ ಹಿಂದಿನ ಕಥೆ ತಾನಾಗಿ ಮೇಲೆ ಬರುತ್ತದೆ. ಕಾಲ ಮಾತ್ರ ಒಂದೇ: ಮುಳುಗಡೆಯ ಗುರುತಿನ ಕಲ್ಲು ನೆಟ್ಟ ದಿನದಿಂದ ನೀರು ಅಂಗಳಕ್ಕೆ ಬರುವವರೆಗಿನ ಅವಧಿ. 1951 ಇದರೊಳಗೆ ನೆನಪಾಗಿ ಬರಬೇಕು, ಪ್ರತ್ಯೇಕ ಭಾಗವಾಗಿ ಅಲ್ಲ.

ಕೊಳಗದ ಉದಾಹರಣೆ ನೋಡಿ. 31ನೇ ಪುಟದಲ್ಲಿ ಒಡೆಯರ ಅಂಗಳದಲ್ಲಿ ಎರಡು ಕೊಳಗಗಳಿವೆ, ಕೊಡುವಾಗ ಚಿಕ್ಕದು, ಗೇಣಿ ಅಳೆದುಕೊಳ್ಳುವಾಗ ದೊಡ್ಡದು. ಜಗಳ ಹೊತ್ತಿಕೊಳ್ಳುವುದೇ ಅಲ್ಲಿ. ಅದೇ ಅಳತೆಗೆ ಚೌಡಪ್ಪ ಮಾಡಿಸಿಟ್ಟುಕೊಂಡ ಕೊಳಗ 240ನೇ ಪುಟದಲ್ಲಿ ಲಾರಿ ಹತ್ತುತ್ತದೆ. ನಡುವೆ ಇನ್ನೂರು ಪುಟ ಕಳೆದಿವೆ. ಅದು ಯಾವ ಕೊಳಗ ಎಂದು ಹಿಂದಕ್ಕೆ ತಿರುವಿ ನೋಡಬೇಕಾಯಿತು. ಹೊಸ ಜೋಡಣೆಯಲ್ಲಿ ಗದ್ದೆಯ ಹುಟ್ಟುವಳಿ ಬರೆಸುವಾಗ ಇಷ್ಟು ಖಂಡುಗ ಎಂದು ಕೆರಿಯಪ್ಪ ಹೇಳುತ್ತಾನೆ, ಯಾವ ಕೊಳಗದಲ್ಲಿ ಎಂದು ಮುದುಕ ಚೌಡಪ್ಪ ಮೂಲೆಯಿಂದ ಕೇಳುತ್ತಾನೆ. ಅಟ್ಟದಿಂದ ಕೊಳಗ ಕೆಳಗಿಳಿಯುತ್ತದೆ, ಅದರ ಹಿಂದೆಯೇ ಇಡೀ ಸತ್ಯಾಗ್ರಹ ಇಳಿಯುತ್ತದೆ. ಈ ಸಂಭಾಷಣೆ ನನ್ನ ಊಹೆ. ನೀವು ಇದಕ್ಕಿಂತ ಚೆನ್ನಾಗಿ ಬರೆಯುತ್ತೀರಿ.

ಇದರಿಂದ ಹೂವಮ್ಮ ಕಾದಂಬರಿಯ ನಡುಮನೆಗೆ ಬರುತ್ತಾಳೆ. ಇದು ನನ್ನ ಎರಡನೆಯ ಕೋರಿಕೆ, ಬಹುಶಃ ಮೊದಲನೆಯದಕ್ಕಿಂತ ಕಷ್ಟದ್ದು. ಮೂರೂ ಭಾಗಗಳಲ್ಲಿ ಇರುವವಳು ಅವಳೊಬ್ಬಳೇ. ಆದರೆ ಒಂದರಲ್ಲಿ ಸೊಸೆ, ಇನ್ನೊಂದರಲ್ಲಿ ಹೆಂಡತಿ, ಮತ್ತೊಂದರಲ್ಲಿ ಅಜ್ಜಿ. ಪ್ರತಿ ಸಲವೂ ಬೇರೆ ಯಾರದೋ ಕಣ್ಣಿನಿಂದ ಅವಳನ್ನು ಕಾಣುತ್ತೇವೆ. ಅವಳು ಮದುವೆಯಾಗಿ ಬಂದ ವರ್ಷವೇ ಮಾವ ಜೈಲಿನಲ್ಲಿದ್ದ ಎಂಬುದನ್ನು 118ನೇ ಪುಟದಲ್ಲಿ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ್ದೀರಿ. ಗಂಡಸರಿಲ್ಲದ ಮನೆಗೆ ಹೊಸ ಸೊಸೆ ಬಂದಿದ್ದಾಳೆ, ಗದ್ದೆ ಬೀಳುಬಿದ್ದಿದೆ, ಮದುವೆಗೆ ಬರೆದ ಹಸೆ ಚಿತ್ತಾರ ಗೋಡೆಯ ಮೇಲೆ ಇನ್ನೂ ಹಸಿಯಾಗಿದೆ. ಸತ್ಯಾಗ್ರಹವನ್ನು ಅಲ್ಲಿಂದ ತೋರಿಸಿ. ಮೆರವಣಿಗೆಯ ಮುಂಚೂಣಿಯಿಂದ ಬರೆದದ್ದು ಬಹಳಷ್ಟಿದೆ, ಒಲೆಯ ಮುಂದಿನಿಂದ ಬರೆದದ್ದು ಕಡಿಮೆ.

ಲೋಹಿಯಾ ಅವರ ಅಧ್ಯಾಯದ ಬಗ್ಗೆ ನೇರವಾಗಿಯೇ ಹೇಳಬೇಕು. ಅವರು ಕಾಗೋಡಿಗೆ ಬಂದದ್ದು, ಬಂಧನಕ್ಕೊಳಗಾದದ್ದು ಚರಿತ್ರೆ. ನೀವು ಅವರ ಬಾಯಲ್ಲಿ ಇಟ್ಟಿರುವ ಹನ್ನೊಂದು ಪುಟದ ಭಾಷಣ ಚರಿತ್ರೆಯಲ್ಲ, ಕಥೆಗೂ ಬೇಕಿಲ್ಲ. ನಿಜವಾಗಿ ಬದುಕಿದ್ದ ದೊಡ್ಡ ವ್ಯಕ್ತಿಗೆ ನಾವೇ ಮಾತು ಹೊಸೆದು ಕೊಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಆ ಅಧ್ಯಾಯದ ಕೊನೆಯಲ್ಲಿ ಚೌಡಪ್ಪ ಗುಂಪಿನ ಹಿಂದೆ ನಿಂತು, ಒಂದು ಮಾತೂ ಕೇಳಿಸದೆ, ಮುಂದಿನವನ ಹೆಗಲ ಮೇಲಿನ ಕಂಬಳಿಯನ್ನು ಮಾತ್ರ ನೋಡುವ ಅರ್ಧ ಪುಟವಿದೆಯಲ್ಲ, ಅಷ್ಟು ಸಾಕು.

ಮೂರನೆಯ ಭಾಗ ಹೋಗಬೇಕು. ಸುಷ್ಮಾಳ ಬಗ್ಗೆ ನಿಮಗಿರುವ ಅಕ್ಕರೆ ನನಗೆ ಗೊತ್ತು. ಕಳೆದ ಸಲ ಬಂದಾಗ ಮೊಮ್ಮಕ್ಕಳಿಗೂ ಈ ಪುಸ್ತಕದಲ್ಲಿ ಒಂದು ಬಾಗಿಲಿರಲಿ ಎಂದಿದ್ದಿರಿ. ಆದರೆ 116 ಪುಟಗಳಲ್ಲಿ ಅವಳು ಮಾಡುವ ಕೆಲಸ ಹಿಂದೆ ಓದಿದ್ದನ್ನು ಮತ್ತೆ ಅರ್ಥಮಾಡಿಸುವುದು. ನಾಡಿಗೆಲ್ಲ ಬೆಳಕು ಕೊಟ್ಟವರ ಮನೆಯಲ್ಲಿ ಕತ್ತಲೆ ಎಂಬ ಮಾತು ನಾಲ್ಕು ಕಡೆ ಬರುತ್ತದೆ, ನಾಲ್ಕೂ ಅವಳದೇ. ಸೇತುವೆಯ ಮೇಲಿನ ಕೊನೆಯ ಪ್ರಸಂಗವನ್ನು ಏಳೆಂಟು ಪುಟಗಳ ಒಂದೇ ಅಧ್ಯಾಯವಾಗಿ ಉಳಿಸಿಕೊಳ್ಳಬಹುದು. ಅಲ್ಲಿಯೂ ಅಜ್ಜಿ ಬಸ್ಸಿನ ಕಿಟಕಿಯಿಂದ ನೋಡಲಿ, ಮೊಮ್ಮಗಳು ಪಕ್ಕದಲ್ಲಿ ಮೊಬೈಲ್ ನೋಡುತ್ತಿರಲಿ. ಅವಳಿಗೆ ಏನೂ ಅರ್ಥವಾಗದಿದ್ದರೆ ನಷ್ಟವಿಲ್ಲ.

ನೀವು ಎತ್ತಬಹುದಾದ ಆಕ್ಷೇಪಣೆಯೊಂದಿದೆ. ಸತ್ಯಾಗ್ರಹದ ಹಿನ್ನೆಲೆ ಮೊದಲೇ ತಿಳಿಯದಿದ್ದರೆ ಇಂದಿನ ಓದುಗರಿಗೆ ಗೇಣಿ ಪದ್ಧತಿ ಎಲ್ಲಿ ಗೊತ್ತಾಗಬೇಕು ಎಂದು ನೀವು ಕೇಳುತ್ತೀರಿ. ನಿಜ, ಅನೇಕರಿಗೆ ಗೊತ್ತಿಲ್ಲ. ಆದರೆ ಬಾವಿ ತೋಡಿದವನಿಗೆ ಬಾವಿಯ ದುಡ್ಡು ಏಕೆ ಸಿಗಲಿಲ್ಲ ಎಂದು ಮೊದಲ ಅಧ್ಯಾಯದಲ್ಲೇ ಪ್ರಶ್ನೆ ಎದ್ದರೆ, ಓದುಗರೇ ಉತ್ತರ ಹುಡುಕಿಕೊಂಡು ಹಿಂದಕ್ಕೆ ಹೋಗುತ್ತಾರೆ. ಈಗ ಪ್ರಶ್ನೆ ಕೇಳುವ ಮೊದಲೇ 140 ಪುಟದ ಉತ್ತರ ಕೊಟ್ಟಿದ್ದೇವೆ. ಇನ್ನೊಂದು ಭಯ ನನ್ನದೇ: ಪ್ರತಿ ಬಾಬ್ತಿಗೂ ಒಂದು ನೆನಪು ಎಂದು ಲೆಕ್ಕ ಹಾಕಿ ಬರೆದರೆ ಅದು ಯಾಂತ್ರಿಕವಾಗಿಬಿಡಬಹುದು. ಕೊಟ್ಟಿಗೆಗೆ ಕಥೆ ಇಲ್ಲದಿದ್ದರೆ ಎರಡು ಪುಟದಲ್ಲಿ ದಾಟಿಬಿಡಿ. ಮನೆಯ ಅಧ್ಯಾಯ ಎಂಬತ್ತು ಪುಟಕ್ಕೆ ಹೋದರೂ ಹೋಗಲಿ.

ಸಣ್ಣ ತಿದ್ದುಪಡಿಗಳನ್ನು ಅಂಚಿನಲ್ಲಿ ಗುರುತಿಸಿದ್ದೇನೆ. ಎರಡನ್ನು ಮಾತ್ರ ಇಲ್ಲಿ ಹೇಳುತ್ತೇನೆ. 1962ರ ನೋಟೀಸಿನ ತಲೆಯ ಮೇಲೆ ‘ಕರ್ನಾಟಕ ಸರ್ಕಾರ’ ಎಂದಿದೆ. ರಾಜ್ಯಕ್ಕೆ ಆ ಹೆಸರು ಬಂದದ್ದು 1973ರ ನವೆಂಬರಿನಲ್ಲಿ, ಆದ್ದರಿಂದ ಅದು ಮೈಸೂರು ಸರ್ಕಾರವಾಗಬೇಕು. 1951ರಲ್ಲಿ ಚೌಡಪ್ಪ ಲಿಂಗನಮಕ್ಕಿಯ ಹಿನ್ನೀರು ನೋಡುತ್ತಾ ಕೂರುತ್ತಾನೆ. ಆಗ ಇದ್ದದ್ದು ಹಿರೇಭಾಸ್ಕರದ ನೀರು. ಆ ಹಳೆಯ ಅಣೆಕಟ್ಟೂ ಆಮೇಲೆ ಲಿಂಗನಮಕ್ಕಿಯಲ್ಲೇ ಮುಳುಗಿತಲ್ಲ. ಒಮ್ಮೆ ಮುಳುಗಡೆ ಕಂಡ ಹೊಳೆ ಅದು ಎಂಬುದು ಚೌಡಪ್ಪನಿಗೆ ಗೊತ್ತಿತ್ತು ಎಂದರೆ, ಗುರುತಿನ ಕಲ್ಲನ್ನು ಅವನು ಮಗನಂತೆ ನೋಡಲಾರ. ಇದು ಬರಿಯ ತಿದ್ದುಪಡಿಯಲ್ಲ, ಇದರಿಂದ ಒಂದು ಪ್ರಸಂಗವೇ ಹುಟ್ಟಬಹುದು.

‘1819 ಅಡಿ’ ಶೀರ್ಷಿಕೆ ಹಾಗೆಯೇ ಇರಲಿ. ಇಸವಿ ಎಂದುಕೊಳ್ಳುವವರು ಇರುತ್ತಾರೆ ಎಂದು ನಮ್ಮ ಮಾರಾಟ ವಿಭಾಗದವರು ಗೊಣಗಿದರು. ಜಲಾಶಯದ ಪೂರ್ಣಮಟ್ಟ ಎಂಬುದು ಮೊದಲ ಅಧ್ಯಾಯದಲ್ಲೇ, ಕಲ್ಲಿನ ಮಾತು ಬಂದಾಗ, ಒಮ್ಮೆ ಬಂದರೆ ಸಾಕು.

ಇನ್ನು ವ್ಯವಹಾರದ ಮಾತು. ಒಪ್ಪಂದದಲ್ಲಿ ಏನೂ ಬದಲಾಗುವುದಿಲ್ಲ, ಮುಂಗಡವೂ ಈಗಾಗಲೇ ನಿಮಗೆ ಸೇರಿದ್ದು. ಪುಸ್ತಕ ಯುಗಾದಿಗೆ ಬರುವುದಿಲ್ಲ, ದೀಪಾವಳಿಗೆ ತರೋಣ. ಹೊಸ ಪ್ರತಿ 280 ಪುಟಗಳ ಆಸುಪಾಸಿನಲ್ಲಿ ನಿಲ್ಲಬಹುದು ಎಂದು ನನ್ನ ಅಂದಾಜು. ಎಲ್ಲವನ್ನೂ ಒಟ್ಟಿಗೆ ಬರೆಯಲು ಹೋಗಬೇಡಿ. ಸಂಕ್ರಾಂತಿಯೊಳಗೆ ‘ಗದ್ದೆ’, ‘ಬಾವಿ’ ಎರಡು ಅಧ್ಯಾಯಗಳನ್ನು ಮಾತ್ರ ಕಳುಹಿಸಿ. ಅವೆರಡರಲ್ಲಿ ಈ ಜೋಡಣೆ ನಿಲ್ಲದಿದ್ದರೆ ಬೇರೆ ದಾರಿ ಯೋಚಿಸೋಣ. ಹಳೆಯ ಹಸ್ತಪ್ರತಿಯನ್ನು ದಯವಿಟ್ಟು ಹರಿಯಬೇಡಿ. ಕೋಪ ಬಂದಾಗ ನೀವು ಏನು ಮಾಡುತ್ತೀರಿ ಎಂದು ಅಮ್ಮ ಹೇಳಿದ್ದಾರೆ.

ಒಪ್ಪಿಗೆಯಿಲ್ಲದಿದ್ದರೆ ಅದನ್ನೂ ಬರೆಯಿರಿ. ಡಿಸೆಂಬರ್ ಎರಡನೇ ವಾರ ಶಿವಮೊಗ್ಗದಲ್ಲಿ ನನಗೆ ಕೆಲಸವಿದೆ, ಅಲ್ಲಿಂದ ಸಾಗರಕ್ಕೆ ಬಂದುಬಿಡುತ್ತೇನೆ. ಎದುರು ಕುಳಿತು ಜಗಳವಾಡೋಣ. ಗುರುತು ಹಾಕಿದ ಪ್ರತಿಯನ್ನು ಇಂದು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದ್ದೇನೆ. ಕೆಂಪು ಶಾಯಿಯಲ್ಲಿರುವುದು ನಮ್ಮ ಕರಡು ತಿದ್ದುವವರದು, ಪೆನ್ಸಿಲಿನದು ನನ್ನದು.

ಇಂತು ನಿಮ್ಮ,
ವಿನುತಾ
ಸಂಪಾದಕಿ