ಫೇಮಸ್ ಫೈವ್: ಪಾತ್ರಗಳ ರಸಪ್ರಶ್ನೆ (ನಿರ್ವಾಹಕರ ಪಠ್ಯ)

ಮಾನ್ಯ ಮುಖ್ಯೋಪಾಧ್ಯಾಯರೇ, ತೀರ್ಪುಗಾರರಾಗಿ ಬಂದಿರುವ ಗುರುಗಳೇ, ಸಾಹಿತ್ಯ ಸಂಘದ ವಿದ್ಯಾರ್ಥಿ ಮಿತ್ರರೇ, ನಿಮಗೆಲ್ಲ ನಮಸ್ಕಾರ.

ಇಂಗ್ಲೆಂಡಿನ ಲೇಖಕಿ ಎನಿಡ್ ಬ್ಲೈಟನ್ ಅವರು 1942ರಲ್ಲಿ ಆರಂಭಿಸಿ 1963ರವರೆಗೆ ಬರೆದ 21 ಕಾದಂಬರಿಗಳ ಫೇಮಸ್ ಫೈವ್ ಮಾಲಿಕೆಯೇ ಇಂದಿನ ರಸಪ್ರಶ್ನೆಯ ವಸ್ತು. ಜೂಲಿಯನ್, ಡಿಕ್, ಆನ್ ಎಂಬ ಒಡಹುಟ್ಟಿದವರು, ಅವರ ಚಿಕ್ಕಪ್ಪನ ಮಗಳು ಜಾರ್ಜ್, ಅವಳ ನಾಯಿ ಟಿಮ್ಮಿ ಎಂದು ಹೆಸರು ಹೇಳುವುದು ಇಲ್ಲಿರುವ ಯಾರಿಗೂ ಕಷ್ಟವಲ್ಲ. ಆದ್ದರಿಂದ ಹೆಸರು ಕೇಳುವ ಪ್ರಶ್ನೆಗಳನ್ನು ಆದಷ್ಟು ಕಡಿಮೆ ಮಾಡಿ, ಯಾರು ಯಾವ ಸಂದರ್ಭದಲ್ಲಿ ಏನು ಮಾಡಿದರು, ಹಾಗೆ ಮಾಡಲು ಕಾರಣವೇನು ಎಂಬ ಪ್ರಶ್ನೆಗಳನ್ನೇ ಹೆಚ್ಚಾಗಿ ಆರಿಸಿಕೊಂಡಿದ್ದೇನೆ.

ತುಂಗಾ, ಭದ್ರಾ, ಶರಾವತಿ, ನೇತ್ರಾವತಿ ಎಂಬ ನಾಲ್ಕು ತಂಡಗಳಿವೆ. ಪ್ರತಿ ತಂಡದಲ್ಲಿ ಮೂವರಿದ್ದಾರೆ. ಮೊದಲ ಎರಡು ಸುತ್ತುಗಳಲ್ಲಿ ಸರಿಯುತ್ತರಕ್ಕೆ 10 ಅಂಕ. ಕಾರಣ ಕೇಳಿದ ಕಡೆ ಪಾತ್ರದ ಹೆಸರಿಗೆ 5, ಕಾರಣಕ್ಕೆ 5. ಉತ್ತರ ತಿಳಿಯದಿದ್ದರೆ ಪ್ರಶ್ನೆ ಮುಂದಿನ ತಂಡಕ್ಕೆ ಹೋಗುತ್ತದೆ, ಆಗ ಪೂರ್ಣ ಉತ್ತರಕ್ಕೆ 5 ಅಂಕ ಮಾತ್ರ. ಯೋಚಿಸಲು 30 ಸೆಕೆಂಡು ಸಮಯ. ಸಭಿಕರು ದಯವಿಟ್ಟು ಉತ್ತರವನ್ನು ಪಿಸುಗುಟ್ಟಬಾರದು. ಇನ್ನೊಂದು ಮಾತು: ಜಾರ್ಜಳನ್ನು ಯಾರಾದರೂ 'ಜಾರ್ಜಿನಾ' ಎಂದು ಕರೆದರೂ ಅಂಕ ಕಡಿಯುವುದಿಲ್ಲ, ಆದರೆ ಆ ಹೆಸರಿಗೆ ಅವಳು ಓಗೊಡುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ.

ಮೊದಲ ಸುತ್ತು: ನಡೆ ಮತ್ತು ಕಾರಣ

ತುಂಗಾ ತಂಡಕ್ಕೆ. ಮೊದಲ ಕಾದಂಬರಿಯಲ್ಲಿ ಜೂಲಿಯನ್, ಡಿಕ್, ಆನ್ ಮೂವರೂ ಐಸ್‌ಕ್ರೀಮ್ ಕೊಡಿಸಲು ಮುಂದಾದರೂ ಜಾರ್ಜ್ ಅದನ್ನು ನಿರಾಕರಿಸುತ್ತಾಳೆ. ಐಸ್‌ಕ್ರೀಮ್ ಅವಳಿಗೆ ಇಷ್ಟವಿಲ್ಲ ಎಂಬುದು ಕಾರಣವಲ್ಲ. ನಿಜವಾದ ಕಾರಣವೇನು?

(ಉತ್ತರ: ಟಿಮ್ಮಿಯನ್ನು ಮನೆಯಲ್ಲಿ ಇಟ್ಟುಕೊಳ್ಳಲು ತಂದೆ ಒಪ್ಪಿರಲಿಲ್ಲ. ಆದ್ದರಿಂದ ಅವಳು ಅದನ್ನು ಬೆಸ್ತರ ಹುಡುಗ ಆಲ್ಫ್‌ನ ಬಳಿ ಬಿಟ್ಟು, ತನ್ನ ಕೈಖರ್ಚಿನ ಹಣವನ್ನೆಲ್ಲ ಅದರ ಊಟಕ್ಕೆ ಕೊಡುತ್ತಿದ್ದಳು. ತಾನು ಮರಳಿ ಕೊಡಿಸಲಾಗದ್ದನ್ನು ಇನ್ನೊಬ್ಬರಿಂದ ಪಡೆಯಬಾರದೆಂಬುದು ಅವಳ ಹಟ. 'ಹಣವಿರಲಿಲ್ಲ' ಎಂದಷ್ಟೇ ಹೇಳಿದರೆ 5 ಅಂಕ. ನಾಯಿಯ ವಿಷಯ ಬಂದರೆ ಪೂರ್ಣ ಅಂಕ.)

ಉತ್ತರ ಬಂದ ಮೇಲೆ ಸಭೆಗೆ ಓದಿ ಹೇಳುವುದು: ಈ ಬಿಕ್ಕಟ್ಟನ್ನು ಬಿಡಿಸಿದವನು ಜೂಲಿಯನ್. ನಮ್ಮ ಬಳಿ ಇರುವುದನ್ನು ನೀನು ಹಂಚಿಕೊ, ನಿನ್ನ ಬಳಿ ಇರುವ ಟಿಮ್ಮಿಯನ್ನು ನಾವು ಹಂಚಿಕೊಳ್ಳುತ್ತೇವೆ ಎಂಬರ್ಥದ ಮಾತನ್ನಾಡಿ, ದಾನ ತೆಗೆದುಕೊಳ್ಳಲು ಒಪ್ಪದ ಹುಡುಗಿಯನ್ನು ಸಮಾನಳನ್ನಾಗಿ ಒಪ್ಪಿಸಿದ ಜಾಣ್ಮೆ ಅವನದು. ಅವನ ವಯಸ್ಸು ಆಗ ಎಷ್ಟಿತ್ತೆಂಬುದನ್ನು ಈಗಲೇ ಯಾರೂ ಹೇಳಬೇಡಿ. ಅದು ಮುಂದೆ ಬೇಕಾಗಬಹುದು.

ಭದ್ರಾ ತಂಡಕ್ಕೆ. ಅದೇ ಕಾದಂಬರಿಯಲ್ಲಿ ಕಿರಿನ್ ದ್ವೀಪದ ನೆಲಮಾಳಿಗೆಯ ಬಾಗಿಲನ್ನು ಕೊಡಲಿಯಿಂದ ಒಡೆಯುವಾಗ ಮರದ ಚೂರು ಸಿಡಿದು ಒಬ್ಬನ ಕೆನ್ನೆಗೆ ಗಾಯವಾಗುತ್ತದೆ. ಗಾಯಗೊಂಡವನೂ ಅವನ ಜೊತೆ ಆನ್‌ಳೂ ಮೇಲೆ ಹೋಗುತ್ತಾರೆ. ಕೆಳಗೆ ಉಳಿದ ಇಬ್ಬರು ದುಷ್ಟರ ಕೈಗೆ ಸಿಕ್ಕಿಬೀಳುತ್ತಾರೆ. ಗಾಯಗೊಂಡವನು ಯಾರು, ಮತ್ತು ಅವನು ಆ ಇಬ್ಬರನ್ನು ತಲುಪಿದ್ದು ಯಾವ ದಾರಿಯಿಂದ?

(ಉತ್ತರ: ಡಿಕ್, ಬಾವಿಯೊಳಗೆ ಇಳಿದು.)

ಶರಾವತಿ ತಂಡಕ್ಕೆ. ಎರಡನೆಯ ಕಾದಂಬರಿಯಲ್ಲಿ ಮಕ್ಕಳಿಗೆ ಪಾಠ ಹೇಳಲು ರೋಲಂಡ್ ಎಂಬ ಮನೆಮೇಷ್ಟ್ರು ಬರುತ್ತಾರೆ. ಉಳಿದ ಮೂವರು ಮಕ್ಕಳು ಅವರನ್ನು ಮೆಚ್ಚಿದರೂ ಮೊದಲಿನಿಂದಲೇ ಅವರನ್ನು ನಂಬದೆ ಅದರಿಂದಾಗಿ ಶಿಕ್ಷೆಯನ್ನೂ ಅನುಭವಿಸಿದವರು ಯಾರು? ಅವರ ಅನುಮಾನ ಕೊನೆಗೆ ಹೇಗೆ ನಿಜವಾಯಿತು?

(ಉತ್ತರ: ಜಾರ್ಜ್. ರೋಲಂಡ್ ಅವಳ ತಂದೆಯ ವೈಜ್ಞಾನಿಕ ಕಾಗದಪತ್ರಗಳನ್ನು ಕದಿಯಲು ಬಂದವನಾಗಿದ್ದ. 'ಟಿಮ್ಮಿಯೂ ನಂಬಲಿಲ್ಲ' ಎಂದು ಯಾರಾದರೂ ಸೇರಿಸಿದರೆ ಅದೂ ಸರಿ, ಆದರೆ ಟಿಮ್ಮಿಯ ಹೆಸರನ್ನು ಮಾತ್ರ ಹೇಳಿದರೆ ಸಾಲದು.)

ನೇತ್ರಾವತಿ ತಂಡಕ್ಕೆ. ಐದನೆಯ ಕಾದಂಬರಿಯಲ್ಲಿ ಮಕ್ಕಳಿಗೆ ಸರ್ಕಸ್ಸಿನ ನಾಬಿ ಎಂಬ ಹುಡುಗನ ಪರಿಚಯವಾಗುತ್ತದೆ. ಅವನ ಬಳಗದಲ್ಲಿದ್ದ ಚಿಂಪಾಂಜಿಯ ಹೆಸರೇನು? ತನ್ನನ್ನು ನಾಬಿಯ ಚಿಕ್ಕಪ್ಪನೆಂದು ಹೇಳಿಕೊಳ್ಳುತ್ತಿದ್ದ ಕ್ರೂರಿ ಯಾರು?

(ಉತ್ತರ: ಪೋಂಗೋ, ಟೈಗರ್ ಡ್ಯಾನ್. ಎರಡು ಹೆಸರಿಗೆ 5ರಂತೆ.)

ಎರಡನೆಯ ಸುತ್ತು: ಯಾರನ್ನು ಯಾರೆಂದು ತಿಳಿದರು

ಈ ಮಾಲಿಕೆಯ ಕಥೆಗಳು ಹಲವು ಕಡೆ ಒಬ್ಬರನ್ನು ಇನ್ನೊಬ್ಬರೆಂದು ತಪ್ಪಾಗಿ ತಿಳಿಯುವುದರಿಂದಲೇ ಮುಂದೆ ಸಾಗುತ್ತವೆ. ಈ ಸುತ್ತಿನ ಪ್ರಶ್ನೆಗಳೆಲ್ಲ ಅಂಥ ಸಂದರ್ಭಗಳಿಂದ ಬಂದಿವೆ.

ಭದ್ರಾ ತಂಡಕ್ಕೆ. ಶ್ರೀಮಂತನ ಮಗ ರಿಚರ್ಡ್ ಕೆಂಟ್‌ನನ್ನು ಹಿಡಿಯಲು ಬಂದವರು ಅವನ ಬದಲು ನಮ್ಮ ಐವರಲ್ಲಿ ಒಬ್ಬನನ್ನು ಎತ್ತಿಕೊಂಡು ಹೋಗುತ್ತಾರೆ. ಅವನು ಯಾರು? ಅವನ ಹೆಸರೇ ಈ ಗೊಂದಲಕ್ಕೆ ಕಾರಣವಾದದ್ದು ಹೇಗೆ?

(ಉತ್ತರ: ಡಿಕ್, ಇಂಗ್ಲಿಷ್ ಬಳಕೆಯಲ್ಲಿ ರಿಚರ್ಡ್ ಎಂಬ ಹೆಸರಿನ ಕಿರುರೂಪವೂ ಡಿಕ್ ಎಂದೇ ಇರುವುದರಿಂದ. ಸುಳ್ಳು ಹೇಳಿ ತೊಂದರೆ ತಂದ ರಿಚರ್ಡ್, ಕೊನೆಗೆ ಕಾರಿನ ಡಿಕ್ಕಿಯಲ್ಲಿ ಅಡಗಿ ಹೊರಬಿದ್ದು ನೆರವು ತರುತ್ತಾನೆ ಎಂಬುದನ್ನು ಸಭೆಗೆ ತಿಳಿಸುವುದು.)

ಶರಾವತಿ ತಂಡಕ್ಕೆ. ಬರ್ಟಾ ಎಂಬ ಅಮೆರಿಕದ ಹುಡುಗಿಯನ್ನು ಅಪಹರಣದ ಭಯದಿಂದ ಕಿರಿನ್ ಮನೆಯಲ್ಲಿ ಹುಡುಗನ ವೇಷದಲ್ಲಿ ಇರಿಸುತ್ತಾರೆ. ಆದರೂ ದುಷ್ಟರು ಬರ್ಟಾಳೆಂದು ತಿಳಿದು ಹೊತ್ತೊಯ್ದದ್ದು ಯಾರನ್ನು?

(ಉತ್ತರ: ಜಾರ್ಜ್.)

ನೇತ್ರಾವತಿ ತಂಡಕ್ಕೆ. ಬಂಜರು ಗುಡ್ಡದ ಮೇಲೆ ನೆಲದೊಳಗಿಂದ ಗುಡುಗಿನಂಥ ಸದ್ದು ಕೇಳಿ, ಹೊಗೆಯನ್ನೂ ಕಂಡು, ಅದು ಜ್ವಾಲಾಮುಖಿಯೆಂದು ಹೆದರಿದವರು ಯಾರು? ಅದು ನಿಜವಾಗಿ ಏನಾಗಿತ್ತು?

(ಉತ್ತರ: ಆನ್, ಗುಡ್ಡದ ಕೆಳಗಿನ ಸುರಂಗದಲ್ಲಿ ಸಾಗಿದ ರೈಲು. 'ಭೂತದ ರೈಲು' ಎಂದರೆ ನಗುವಿಗೆ ಅಂಕವಿಲ್ಲ, ಆದರೆ ಉತ್ತರ ಸರಿಯೆಂದೇ ಪರಿಗಣಿಸುವುದು.)

ತುಂಗಾ ತಂಡಕ್ಕೆ. ಸ್ಮಗ್ಲರ್ಸ್ ಟಾಪ್ ಮನೆಯ ಸೇವಕ ಬ್ಲಾಕ್ ಎಲ್ಲರನ್ನೂ ಒಂದು ವಿಷಯದಲ್ಲಿ ನಂಬಿಸಿದ್ದ. ಅದೇನು?

(ಉತ್ತರ: ತನಗೆ ಕಿವಿ ಕೇಳಿಸುವುದಿಲ್ಲವೆಂದು. ಅದೇ ಮನೆಯಲ್ಲಿ, ಕೋಪ ಬಂದಾಗ ಮೂಗಿನ ತುದಿ ಬೆಳ್ಳಗಾಗುತ್ತಿದ್ದವರು ಮನೆಯೊಡೆಯ ಲೆನಾರ್. ಎರಡನೆಯದನ್ನೂ ಸೇರಿಸಿ ಹೇಳಿದವರಿಗೆ 2 ಬೋನಸ್ ಅಂಕ. ಈ ಬೋನಸ್‌ನ ಸುಳಿವು ಯಾರಿಗೂ ಮೊದಲೇ ಕೊಡಬಾರದು.)

ಮೂರನೆಯ ಸುತ್ತು: ಸುಳಿವಿನಿಂದ ಪಾತ್ರ

ಬಜರ್ ಒತ್ತಿದ ತಂಡ ಉತ್ತರಿಸಬೇಕು. ಮೊದಲ ಸುಳಿವಿಗೇ ಹೇಳಿದರೆ 20, ಎರಡನೆಯದಕ್ಕೆ 10, ಮೂರನೆಯದಕ್ಕೆ 5. ತಪ್ಪಿದರೆ ಆ ಪಾತ್ರಕ್ಕೆ ಮತ್ತೆ ಅವಕಾಶವಿಲ್ಲ, ಹೀಗಾಗಿ ಅವಸರಿಸಬೇಡಿ.

ಮೊದಲ ಪಾತ್ರ. ಸುಳಿವು ಒಂದು: ನನ್ನನ್ನು ಹುಡುಗನೆಂದು ತಿಳಿದು ಡಿಕ್ ಹೊಡೆದ, ಹುಡುಗಿಯೆಂದು ತಿಳಿದ ಮೇಲೆ ಅವನಿಗೆ ನಾಚಿಕೆಯಾಯಿತು, ನನಗೋ ಅವನ ಮೇಲೆ ವಿಶ್ವಾಸ ಹುಟ್ಟಿತು. ಸುಳಿವು ಎರಡು: ನನ್ನ ತಂದೆ ಸಿಮ್ಮಿ, ಅವನ ಮಾತು ಕೇಳಿ ನಾನು ಮಾಡಬಾರದ ಕೆಲಸದಲ್ಲಿ ಭಾಗಿಯಾದೆ. ಸುಳಿವು ಮೂರು: ನಾನು ಗೋಡೆಯನ್ನು ಬೆಕ್ಕಿನಂತೆ ಏರಬಲ್ಲೆ, ನೋಡಲು ಜಾರ್ಜಳಂತೆಯೇ ಇದ್ದೇನೆ.

(ಉತ್ತರ: ಜೋ. ಇವಳು ಮೂರು ಕಾದಂಬರಿಗಳಲ್ಲಿ ಬರುತ್ತಾಳೆ. ಐವರ ಹೊರಗಿನ ಮಕ್ಕಳಲ್ಲಿ ನನಗೆ ಅತಿ ಇಷ್ಟವಾದವಳು. ಇದನ್ನು ಹೇಳಬಹುದು, ಆದರೆ ಉತ್ತರ ಬಂದ ನಂತರ.)

ಎರಡನೆಯ ಪಾತ್ರ. ಸುಳಿವು ಒಂದು: ಮಕ್ಕಳ ಡೇರೆ ಪ್ರವಾಸಕ್ಕೆ ಹಿರಿಯನಾಗಿ ನಾನು ಹೋದೆ, ಆದರೆ ನನ್ನ ಗಮನವೆಲ್ಲ ಹುಳುಹುಪ್ಪಟೆಗಳ ಮೇಲೇ ಇತ್ತು. ಸುಳಿವು ಎರಡು: ನಾನು ಜೂಲಿಯನ್ ಮತ್ತು ಡಿಕ್ ಓದುವ ಶಾಲೆಯ ಮೇಷ್ಟ್ರು. ಸುಳಿವು ಮೂರು: ನನಗೆ ಕಿವಿ ಅಲುಗಾಡಿಸುವ ವಿದ್ಯೆ ಗೊತ್ತು.

(ಉತ್ತರ: ಲಫಿ. ಮೂರನೆಯ ಸುಳಿವನ್ನು ಓದುವಾಗ ನಿರ್ವಾಹಕರು ಕಿವಿ ಅಲುಗಾಡಿಸಲು ಪ್ರಯತ್ನಿಸಬಾರದು; ಸಭೆ ಹತೋಟಿ ತಪ್ಪುತ್ತದೆ.)

ನಾಲ್ಕನೆಯ ಸುತ್ತು: ವಾದ

ಇಲ್ಲಿ ಒಂದೇ ಪ್ರಶ್ನೆ; ನಾಲ್ಕೂ ತಂಡಗಳಿಗೆ ಒಂದೊಂದು ನಿಮಿಷ, ಗರಿಷ್ಠ 20 ಅಂಕ. ಆನ್‌ಳನ್ನು ಅಂಜುಬುರುಕಿ, ಗುಹೆಯಲ್ಲೂ ಅಡುಗೆಮನೆ ಜೋಡಿಸಿಕೊಳ್ಳುವವಳು ಎಂದು ಓದುಗರು ಬೇಗನೆ ಬದಿಗಿಟ್ಟುಬಿಡುತ್ತಾರೆ. ಆದರೆ ಪಿಸುಗುಟ್ಟುವ ದ್ವೀಪದ ಕಥೆಯಲ್ಲಿ, ಕೊಳಲು ಊದಿ ಪ್ರಾಣಿಗಳನ್ನು ಮರುಳುಗೊಳಿಸುವ ವಿಲ್ಫ್ರಿಡ್ ಸಭ್ಯತೆ ಮೀರಿ ವರ್ತಿಸಿದಾಗ, ಅವನ ಮೇಲೆ ತಣ್ಣೀರು ಸುರಿದು ಉಳಿದವರನ್ನು ಬೆರಗುಗೊಳಿಸಿದವಳು ಇವಳೇ. ಅಲ್ಲಿ ಅವಳು ಬದಲಾದಳೇ, ಅಥವಾ ಅವಳು ಮೊದಲಿನಿಂದಲೂ ಹಾಗೆಯೇ ಇದ್ದಳೇ? ನಿಮ್ಮ ಪಕ್ಷವನ್ನು ಕಾದಂಬರಿಗಳಿಂದ ಎರಡು ಘಟನೆಗಳನ್ನಾದರೂ ಕೊಟ್ಟು ಸಮರ್ಥಿಸಿ.

ತೀರ್ಪುಗಾರರಿಗೆ ಸೂಚನೆ: ಯಾವ ಪಕ್ಷ ಹಿಡಿದರೆಂಬುದಕ್ಕೆ ಅಂಕವಿಲ್ಲ; ಕಥೆಯಿಂದ ತಂದ ಪುರಾವೆಗೆ ಅಂಕವಿದೆ. ಭಯವಾದರೂ ಒಬ್ಬರೂ ಹಿಂದೆ ಉಳಿಯದಂತೆ ಎಲ್ಲ ಸಾಹಸಗಳಿಗೂ ಜೊತೆಯಾಗುವುದು, ಬರಿಯ ಸರಂಜಾಮಿನಿಂದ ಮನೆಯನ್ನೇ ಮಾಡುವ ಕೈಗುಣ, ಇವೆರಡನ್ನೂ ಸೇರಿಸಿ ನೋಡಿದ ತಂಡ ಪಾತ್ರವನ್ನು ಸರಿಯಾಗಿ ಓದಿದೆ ಎಂದು ನನ್ನ ಅಭಿಪ್ರಾಯ. ಆದರೆ ಅವಳ ಕೆಲಸವನ್ನು ಹುಡುಗಿಯರ ಪಾಲಿಗೆಂದೇ ಲೇಖಕಿ ಹಂಚಿದರೆಂದು ಆಕ್ಷೇಪಿಸುವ ತಂಡವನ್ನೂ ಕಡಿಮೆ ಅಂದಾಜು ಮಾಡಬಾರದು. ಅದೇ ಮಾಲಿಕೆಯ ಜಾರ್ಜ್ ಆ ಹಂಚಿಕೆಯನ್ನೇ ಒಪ್ಪದವಳೆಂದು ಅವರು ತೋರಿಸಿದರೆ ಪೂರ್ಣ ಅಂಕ ಕೊಡಬಹುದು.

ಸಭಿಕರಿಗೆ ಒಂದು ಪ್ರಶ್ನೆ

ತೀರ್ಪುಗಾರರು ಅಂಕ ಕೂಡಿಸುವವರೆಗೆ, ಸಭೆಯಿಂದ ಮೊದಲು ಕೈ ಎತ್ತಿದವರಿಗೆ. ಆರನೆಯ ಕಾದಂಬರಿಯಲ್ಲಿ ಜಾರ್ಜ್ ತನಗೆ ಅತ್ಯಂತ ಪ್ರಿಯವಾದುದನ್ನು ಬಿಟ್ಟುಕೊಡುತ್ತಾಳೆ. ಏನನ್ನು, ಯಾರಿಗೆ, ಏಕೆ?

(ಉತ್ತರ: ಟಿಮ್ಮಿಯನ್ನು, ದ್ವೀಪದಲ್ಲಿ ಒಬ್ಬರೇ ಪ್ರಯೋಗ ನಡೆಸುತ್ತಿದ್ದ ತಂದೆ ಕ್ವೆಂಟಿನ್ ಅವರ ಕಾವಲಿಗಾಗಿ. ಮೊದಲ ಕಾದಂಬರಿಯಲ್ಲಿ ಅದೇ ನಾಯಿಯನ್ನು ಮನೆಗೆ ಬಿಟ್ಟುಕೊಳ್ಳದಿದ್ದವರು ಅದೇ ತಂದೆಯಲ್ಲವೇ ಎಂದು ಕೇಳಿ, ಎರಡು ಘಟನೆಗಳ ನಡುವಿನ ದೂರವನ್ನು ಸಭೆಯೇ ಗುರುತಿಸುವಂತೆ ಮಾಡುವುದು.)

ಸಮಬಲವಾದರೆ

ಮೊದಲ ಸ್ಥಾನಕ್ಕೆ ಎರಡು ತಂಡಗಳಿಗೆ ಸಮಾನ ಅಂಕ ಬಂದರೆ ಮಾತ್ರ ಇದನ್ನು ಓದುವುದು. ಮೊದಲ ಕಾದಂಬರಿಯಲ್ಲಿ ನಾಲ್ವರು ಮಕ್ಕಳ ವಯಸ್ಸನ್ನು ಕೂಡಿಸಿದರೆ ಎಷ್ಟಾಗುತ್ತದೆ? ಪ್ರತಿ ತಂಡವೂ ಚೀಟಿಯಲ್ಲಿ ಒಂದೇ ಸಂಖ್ಯೆ ಬರೆದು ಕೊಡಬೇಕು. ಸರಿಯುತ್ತರಕ್ಕೆ ಹತ್ತಿರವಿರುವ ತಂಡ ಗೆದ್ದಂತೆ.

(ಉತ್ತರ: 44. ಜೂಲಿಯನ್ 12, ಡಿಕ್ 11, ಜಾರ್ಜ್ 11, ಆನ್ 10. ಟಿಮ್ಮಿಯ ವಯಸ್ಸನ್ನು ಸೇರಿಸಿ ಬರೆದವರ ಚೀಟಿಯಲ್ಲಿ ಸಂಖ್ಯೆ ತಪ್ಪಾಗಿದ್ದರೂ ಅದನ್ನು ಸಭೆಗೆ ಓದಿ ಹೇಳಬೇಕು.)